ಬಜಿಯ ಅಮೆರಿಕ ಯಾತ್ರೆ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆಂಬ ಸುದ್ದಿ ಮಕ್ತಲದಿಂದ ನಾರಾಯಣಪೇಟೆಗೆ ಬಸ್ಸಿಗಿಂತ ಮೊದಲೇ ಮುಟ್ಟಿತು. ಗದ್ವಾಲದ ಬೀಗರು ಸೀರೆ ಕಳಿಸಿಯಾರೆಂದು ಕಾದೆ, ಬಂದದ್ದು ಗರಗದ ಎಣ್ಣೆ. ಓಣಿಯವರೆಲ್ಲ "ಒಂದೀಟು ಗಂಟ್ರೀ ಅಕ್ಕಾ, ಭಾರ ಏನಿಲ್ಲ" ಎಂದು ಹೆಸರಿಲ್ಲದ ಪುಡಿ ತಂದುಕೊಟ್ಟರು, ಒಬ್ಬಾಕೆ ಬಜಿ ಬೇರು ಕಟ್ಟಿಕೊಟ್ಟಳು. ವಿಮಾನ ನಿಲ್ದಾಣದಲ್ಲಿ "ಪೆಟ್ಟಿಗೆ ನೀವೇ ಕಟ್ಟಿದ್ದಾ?" ಎಂದು ಕೇಳಿದಾಗ ಹೌದೆಂದರೆ ಆ ಪುಡಿಗಳಿಗೆಲ್ಲ ಜವಾಬ್ದಾರಿ ನನ್ನದು. ಇದನ್ನು ಹೇಳಿದ್ದಕ್ಕೆ ಇಬ್ಬರು ಮಾತು ಬಿಟ್ಟರು. ಬಿಡಲಿ.

ಅಳಿಯ ಫೋನಿನಲ್ಲೇ ಪಾಠ ಮಾಡಿದ. ಹಸಿ ಕರಿಬೇವು ಬೇಡವೇ ಬೇಡ. ಅದು ನಿಂಬೆ, ಕಿತ್ತಳೆಯ ಕುಲದ್ದು. ಎಲೆಯ ಮೇಲೆ ಕೂತು ಬರುವ ಸಿಲ್ಲಿಡ್ ಎಂಬ ಚಿಕ್ಕ ಹುಳ ಕಿತ್ತಳೆ ಗಿಡಕ್ಕೆ ರೋಗ ಅಂಟಿಸುತ್ತದೆ. ಫ್ಲಾರಿಡಾದಲ್ಲಿ 2005ರಲ್ಲಿ ಆ ರೋಗ ಕಾಣಿಸಿಕೊಂಡು ತೋಟಗಳನ್ನೇ ತಿಂದುಹಾಕಿತಂತೆ. "ಅತ್ತೀ, ಏನೇ ತಂದ್ರೂ ಮುಚ್ಚಿಡಬ್ಯಾಡ್ರಿ. ಹೇಳಿದ್ರೆ ಬರೇ ಕಸ್ಗೋತಾರ, ಮುಚ್ಚಿಟ್ರೆ ದಂಡ."

ಹಾಗಾಗಿ ಇಳಿದ ಕೂಡಲೇ ನಾನೇ ಮುಂದೆ ನುಗ್ಗಿ "ಪ್ಲಾಂಟ್! ಪ್ಲಾಂಟ್!" ಎಂದು ಕೂಗಿದೆ. ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ ಸೀಗೆಪುಡಿ ಮೂಸಿ ನೋಡಿ ಬದಿಗಿಟ್ಟ. ಎಣ್ಣೆಯನ್ನೂ ಬಿಟ್ಟ. ಆಮೇಲೆ ಬಜಿ ಬೇರು ಎತ್ತಿ ಹಿಡಿದ. "ವಾಟ್?" ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿದಿತ್ತು, ನಟನೆ ಶುರುವಾಯಿತು. ಅವನ ಪೆನ್ನು ಕಸಿದುಕೊಂಡು ಬಜಿ ಮಾಡಿಕೊಂಡೆ. ನನ್ನ ಅಂಗೈಯೇ ಸಾಣೆಕಲ್ಲು. ಗರಗರ ತೇಯ್ದೆ. ಬೆರಳ ತುದಿಗೆ ಇಲ್ಲದ ಗಂಧ ಹಚ್ಚಿಕೊಂಡು ಇಲ್ಲದ ಕೂಸಿನ ನಾಲಿಗೆಗೆ ಸವರಿದೆ. ಕೂಸು ಅಳಬೇಕಲ್ಲ, ಅತ್ತೆ. ಸಾಲಿನಲ್ಲಿದ್ದ ನಿಜವಾದ ಕೂಸೊಂದು ನನ್ನ ಜೊತೆ ದನಿಗೂಡಿಸಿತು. ಅದಕ್ಕೆ ಲಾಲಿ ಹಾಡಿದೆ. ಹಿಂದೆ ನಿಂತಿದ್ದ ಗುಜರಾತಿ ಅಜ್ಜಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ನಿಲ್ಲಿಸುವುದು ಹೇಗೆ? ಕೂಸಿಗೆ ಲೋಬಾನದ ಹೊಗೆಯನ್ನೂ ಹಾಕಿದೆ.

ಹೊಗೆ ಎಂದ ಕೂಡಲೇ ಇನ್ನೊಬ್ಬ ಅಧಿಕಾರಿ ಓಡಿಬಂದ.

ಮೊದಲಿನವನು ಮಾತ್ರ ಶಾಂತವಾಗಿ ಬೇರಿನ ಗೆಣ್ಣಿನ ಸಂದಿಗೆ ಉಗುರು ಹಾಕಿ ಕೆರೆದ. ಕರಿ ಮಣ್ಣು ಉದುರಿತು. ಮಣ್ಣಿನಲ್ಲಿ ಹುಳ, ಬೂಷ್ಟು, ಕಳೆಬೀಜ ಏನೂ ಇರಬಹುದು. ಮಣ್ಣಂಟಿದ ಬೇರನ್ನು ಒಳಗೆ ಬಿಡುವುದಿಲ್ಲ. ನನ್ನ ಬಜಿ ಬುಟ್ಟಿಗೆ ಬಿತ್ತು. ಹೇಳಿಯೇ ತಂದಿದ್ದರಿಂದ ದಂಡವೇನೂ ಬೀಳಲಿಲ್ಲ.

ಮನೆಯಲ್ಲಿ ಮಗಳ ಮುಂದೆ ಗೋಳಾಡಿದರೆ ಅವಳಿಗೆ ಸಮಾಧಾನವೇ ಆಯಿತು. ಬಜಿಯಲ್ಲಿ ಅಸರೋನ್ ಎಂಬ ಅಂಶವಿದೆ, ಇಲಿಗಳಿಗೆ ತಿನ್ನಿಸಿದಾಗ ಗಡ್ಡೆ ಎದ್ದವು, ಅದಕ್ಕೇ ಈ ದೇಶದಲ್ಲಿ 1968ರಿಂದ ತಿನ್ನುವ ಪದಾರ್ಥಕ್ಕೆ ಬಜಿ ಹಾಕುವಂತಿಲ್ಲ ಎಂದಳು. ನಾನು ಸುಮ್ಮನಾದೆ. ಅವಳ ನಾಲಿಗೆಗೂ ನಾನೇ ಸವರಿದ್ದೆ. ನನ್ನ ನಾಲಿಗೆಗೆ ನಮ್ಮವ್ವ. ನಮಗೇನೂ ಆಗಲಿಲ್ಲವಲ್ಲ ಎನ್ನುವ ಮಾತು ಬಾಯಿಗೆ ಬಂದಿತ್ತು. ಮೊಮ್ಮಗಳ ಮುಖ ನೋಡಿ ನುಂಗಿಕೊಂಡೆ.

ಅಷ್ಟರಲ್ಲಿ ಫೋನು. ಬಜಿ ಕಟ್ಟಿಕೊಟ್ಟಾಕೆಯೇ. "ಹಚ್ಚಿದ್ರೇನ್ರೀ ಅಕ್ಕಾ? ಮುಂದಿನ ತಿಂಗಳು ನಮ್ಮ ತಮ್ಮ ಬರ್ತಾನ, ಇನ್ನೊಂದೀಟು ಕಳಿಸ್ಲಿ?"

"ತೊಳ್ದು ಕಳಿಸವ್ವಾ" ಎಂದೆ. ಮಗಳು ಫೋನು ಕಸಿದುಕೊಂಡಳು.