ಕಥೆ, ಚಿತ್ರಕಥೆ, ಸಂಭಾಷಣೆ, ಚಹಾ ಸರಬರಾಜು

ಕಾಲೇಜು ಹುಡುಗರ ಕಿರುಚಿತ್ರ ಶುರುವಾದ ಮೇಲೂ ಕಥೆ ಶುರುವಾಗಲು ಒಂದಷ್ಟು ಹೊತ್ತು ಹಿಡಿಯುತ್ತದೆ. ಕಪ್ಪು ಪರದೆ. ಎಲ್ಲೋ ಒಂದು ಕೊಳಲು. ಮೊದಲು ನಿರ್ದೇಶಕನ ಹೆಸರಿನಲ್ಲೇ ಇರುವ ಒಂದು ಬ್ಯಾನರ್. ಆಮೇಲೆ ಆ ಬ್ಯಾನರ್ ‘ಅರ್ಪಿಸುವ’ ಅನ್ನುವ ಸಾಲು. ಅದರ ಹಿಂದೆಯೇ ಆತನ ‘ಒಂದು ಚಿತ್ರ’. ನಂತರ ಕಥೆ ಆತನದು, ಚಿತ್ರಕಥೆ ಆತನದು, ಸಂಕಲನವೂ ಆತನದೇ. ಕೊನೆಗೆ ‘ನಿರ್ದೇಶನ’ ಎಂದು ಮೂಡಿ, ಹೆಸರು ಬರುವುದಕ್ಕೆ ಮುಂಚೆಯೇ ಹಿಂದಿನ ಬೆಂಚಿನವರು ಒಕ್ಕೊರಲಿನಿಂದ ಆ ಹೆಸರನ್ನು ಕೂಗಿಬಿಡುತ್ತಾರೆ. ಹುಡುಗ ಅದನ್ನು ಅಭಿಮಾನ ಎಂದೇ ತಿಳಿಯುತ್ತಾನೆ.

ತಪ್ಪು ಪೂರ್ತಿ ಆತನದಲ್ಲ. ವಿದ್ಯಾರ್ಥಿ ಚಿತ್ರದಲ್ಲಿ ಕೆಲಸ ಮೂವತ್ತು, ಜನ ಒಂಬತ್ತು. ಕ್ಯಾಮೆರಾ ಹಿಡಿದವನೇ ಲೈಟು ಹೊತ್ತಿರುತ್ತಾನೆ, ನಾಯಕಿಯೇ ಎಲ್ಲರ ಮೇಕಪ್ಪೂ ಮಾಡಿರುತ್ತಾಳೆ. ಮಾಡಿದ ಕೆಲಸಕ್ಕೆ ಹೆಸರು ಬೇಡವೇ? ಬೇಕು. ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು ಬೇಕಾಗಿಲ್ಲ. ಕನ್ನಡ ಚಿತ್ರರಂಗ ಇದಕ್ಕೆ ಎಂದೋ ದಾರಿ ಮಾಡಿಕೊಂಡಿದೆ: ‘ಕಥೆ-ಚಿತ್ರಕಥೆ-ಸಂಭಾಷಣೆ-ನಿರ್ದೇಶನ’ ಎಂದು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೆಳಗೆ ಹೆಸರನ್ನು ಒಂದೇ ಸಲ ಹಾಕುವುದು. ಅದು ಬರುವುದೂ ಆರಂಭದ ಟೈಟಲ್‌ಗಳ ಕಟ್ಟಕಡೆಯಲ್ಲಿ.

ಕಟ್ಟಕಡೆಯಲ್ಲಿ ಯಾಕೆ ಎಂದು ಹುಡುಗರು ಮುಖ ಸಿಂಡರಿಸುವುದುಂಟು. ಆರಂಭದ ಟೈಟಲ್‌ಗಳು ಲಗ್ನಪತ್ರಿಕೆಯ ಹಾಗಲ್ಲ. ಇಲ್ಲಿ ಹಿರಿಯರ ಹೆಸರು ಮೇಲೆ, ಮಕ್ಕಳ ಹೆಸರು ಕೆಳಗೆ ಎಂಬ ಲೆಕ್ಕ ನಡೆಯುವುದಿಲ್ಲ. ಮೊದಲು ಅರ್ಪಿಸುವವರು, ಆಮೇಲೆ ಮುಖ್ಯ ಕಲಾವಿದರು, ಚಿತ್ರದ ಹೆಸರು, ಉಳಿದ ಕಲಾವಿದರು, ತಂತ್ರಜ್ಞರು, ನಿರ್ಮಾಪಕರು, ಕೊನೆಗೆ ನಿರ್ದೇಶಕರು. ಮೊದಲ ದೃಶ್ಯಕ್ಕೆ ಒತ್ತಿಕೊಂಡಿರುವ ಜಾಗವೇ ಗೌರವದ ಜಾಗ. ಎಲ್ಲ ಹೆಸರುಗಳನ್ನೂ ಚಿತ್ರದ ಕೊನೆಗೆ ಕಾರ್ಡುಗಳಾಗಿ ತಂದರೆ ಸರದಿ ತಲೆಕೆಳಗಾಗುತ್ತದೆ: ಕೊನೆಯ ದೃಶ್ಯ ಮುಗಿದ ಕೂಡಲೇ ಬರುವ ಹೆಸರು ನಿರ್ದೇಶಕರದು, ಆಮೇಲೆ ಮಿಕ್ಕವರದು. ಎರಡು ಕಡೆಯೂ ಕಥೆಗೆ ಹತ್ತಿರ ಇರುವವರು ಅವರೇ.

ಈ ಜಾಗಕ್ಕಾಗಿ ದೊಡ್ಡವರೇ ಜಗಳವಾಡಿದ್ದಾರೆ. 1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಜಾರ್ಜ್ ಲ್ಯೂಕಸ್ ಆರಂಭದಲ್ಲಿ ಯಾರ ಹೆಸರನ್ನೂ ಹಾಕದೆ ನೇರವಾಗಿ ಕಥೆಗೆ ಇಳಿದರು. 1980ರಲ್ಲಿ ಅದರ ಮುಂದಿನ ಭಾಗ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಬಂದಾಗ ನಿರ್ದೇಶಕರು ಬೇರೆ, ಇರ್ವಿನ್ ಕರ್ಷ್ನರ್. ಲ್ಯೂಕಸ್‌ರ ಕಂಪನಿಯ ಹೆಸರು ಮುಂದೆ, ಕರ್ಷ್ನರ್ ಹೆಸರು ಹಿಂದೆ. ಅಮೆರಿಕದ ನಿರ್ದೇಶಕರ ಸಂಘ ಇದನ್ನು ಒಪ್ಪದೆ ದಂಡ ಹಾಕಿತು. ಲ್ಯೂಕಸ್ ದಂಡ ಕಟ್ಟಿ, ಸಂಘಕ್ಕೇ ಕೈ ಮುಗಿದು ಹೊರಬಂದರು. ತಮಾಷೆ ಏನೆಂದರೆ, ಹೆಸರು ಹಿಂದೆ ಬಿದ್ದ ಕರ್ಷ್ನರ್‌ಗೆ ಅದರ ಬಗ್ಗೆ ದೂರೇ ಇರಲಿಲ್ಲ.

ವಿದ್ಯಾರ್ಥಿಗಳಿಗೆ ದಂಡ ಹಾಕುವ ಸಂಘ ಇಲ್ಲ. 12 ನಿಮಿಷದ ಒಂದು ಚಿತ್ರ ಎಂದಿಟ್ಟುಕೊಳ್ಳೋಣ. ಅದಕ್ಕೆ ಮುಂದೆ ನಾಲ್ಕು ಕಾರ್ಡು ಸಾಕು: ಅರ್ಪಿಸುವ ವಿಭಾಗದ ಹೆಸರು, ಇಬ್ಬರು ಮುಖ್ಯ ಕಲಾವಿದರು, ಚಿತ್ರದ ಹೆಸರು, ಕಥೆಯಿಂದ ನಿರ್ದೇಶನದವರೆಗಿನ ಕೂಡುಕಾರ್ಡು. ಒಂದಕ್ಕೆ ಮೂರು ನಾಲ್ಕು ಸೆಕೆಂಡು ಎಂದರೂ 16 ಸೆಕೆಂಡಿನೊಳಗೆ ಕೆಲಸ ಮುಗಿಯಿತು. ಕಾರ್ಡನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂದು ತಿಳಿಯದಿದ್ದರೆ ಅದರಲ್ಲಿರುವುದನ್ನು ನಿಧಾನವಾಗಿ ಎರಡು ಸಲ ಓದಿ ನೋಡಬೇಕು. ಬರೆದವನು ಓದಬಾರದು, ಅವನಿಗೆ ಅದು ಬಾಯಿಪಾಠ. ಪಕ್ಕದ ರೂಮಿನವನನ್ನು ಕರೆದು ಓದಿಸಬೇಕು.

ಮುಂದಿನ ತಕರಾರು ‘ನಿರ್ಮಾಪಕ’ ಯಾರು ಅನ್ನುವುದು. ಕ್ಯಾಮೆರಾ ಕೊಟ್ಟದ್ದು ಕಾಲೇಜು, ಬಾಡಿಗೆ ಲೆನ್ಸಿಗೆ ದುಡ್ಡು ಕೊಟ್ಟದ್ದು ಅಪ್ಪ, ಊಟಕ್ಕೆ ಎಲ್ಲರೂ ಚಂದಾ ಹಾಕಿದ್ದು. ಸಂಸ್ಥೆಯ ಪಠ್ಯದ ಭಾಗವಾಗಿ, ಅದರ ಸಲಕರಣೆಯಲ್ಲೇ ತಯಾರಾದ ಚಿತ್ರವಾದರೆ ನಿರ್ಮಾಪಕ ಸಾಮಾನ್ಯವಾಗಿ ಸಂಸ್ಥೆಯೇ. ಪುಣೆಯ ಎಫ್‌ಟಿಐಐನಲ್ಲಿ ಅದೇ ಪದ್ಧತಿ. ಅಲ್ಲಿ ಓದಿದ ಚಿದಾನಂದ ಎಸ್. ನಾಯಕ್ ಅವರ 16 ನಿಮಿಷದ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದಾಗಲೂ ನಿರ್ಮಾಣದ ಹೆಸರು ಸಂಸ್ಥೆಯದ್ದೇ. ಅಪ್ಪನಿಗೆ ಕೊನೆಯ ‘ಕೃತಜ್ಞತೆ’ಯಲ್ಲಿ ಜಾಗ. ಎಂಟು ಸಾವಿರ ಕೊಟ್ಟವರು ಅದಕ್ಕೆ ಒಪ್ಪದಿದ್ದರೆ ‘ಸಹನಿರ್ಮಾಣ’ ಎಂದು ಹಾಕಬಹುದೇ ಎಂದು ವಿಭಾಗದಲ್ಲಿ ಮೊದಲೇ ಕೇಳಬೇಕು, ಚಿತ್ರ ತೋರಿಸುವ ದಿನವಲ್ಲ.

ಚಂದಾ ಹಾಕಿದವರನ್ನು ಹೇಗೆ ಹೆಸರಿಸಬೇಕೆಂಬುದಕ್ಕೆ ಶ್ಯಾಮ್ ಬೆನಗಲ್ ಅವರ ‘ಮಂಥನ್’ ಒಳ್ಳೆಯ ಪಾಠ. 1976ರ ಆ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟಿದ್ದರು. ಎಲ್ಲರ ಹೆಸರು ಹಾಕಲು ಹೊರಟಿದ್ದರೆ ಟೈಟಲ್ ಮುಗಿಯುವ ಹೊತ್ತಿಗೆ ಹಾಲು ಒಡೆಯುತ್ತಿತ್ತು. ಚಿತ್ರ ಅರ್ಪಿಸುತ್ತಿರುವವರು ಗುಜರಾತಿನ ಐದು ಲಕ್ಷ ರೈತರು ಎಂದು ಒಂದೇ ಸಾಲು ಹಾಕಿದರು. ಎರಡು ರೂಪಾಯಿ ಕೊಟ್ಟವರೆಲ್ಲ ಏಕಕಾಲಕ್ಕೆ ನಿರ್ಮಾಪಕರಾದರು.

ಕಲಾವಿದರ ಸರದಿ ಇದಕ್ಕಿಂತ ಸೂಕ್ಷ್ಮ. 1974ರ ‘ದಿ ಟವರಿಂಗ್ ಇನ್‌ಫರ್ನೊ’ದಲ್ಲಿ ಸ್ಟೀವ್ ಮೆಕ್ವೀನ್, ಪಾಲ್ ನ್ಯೂಮನ್ ಇಬ್ಬರೂ ಸಮಾನ ತೂಕದ ತಾರೆಯರು. ಯಾರ ಹೆಸರು ಮುಂದೆ? ಮೆಕ್ವೀನ್ ಹೆಸರನ್ನು ಎಡಕ್ಕೆ ತಗ್ಗಿನಲ್ಲಿ, ನ್ಯೂಮನ್ ಹೆಸರನ್ನು ಬಲಕ್ಕೆ ತುಸು ಎತ್ತರದಲ್ಲಿ ಇಟ್ಟರು. ಎಡದಿಂದ ಓದಿದವರಿಗೆ ಒಬ್ಬರು ಮೊದಲು, ಮೇಲಿನಿಂದ ಓದಿದವರಿಗೆ ಇನ್ನೊಬ್ಬರು. ಹಾಸ್ಟೆಲಿನ ಇಬ್ಬರು ನಾಯಕರಿಗೆ ಇಷ್ಟೆಲ್ಲ ರೇಖಾಗಣಿತ ಬೇಡ. ಚಿತ್ರದ ಕೊನೆಯ ಪಟ್ಟಿಯಲ್ಲಿ ‘ಪಾತ್ರವರ್ಗ, ಪರದೆಗೆ ಬಂದ ಕ್ರಮದಲ್ಲಿ’ ಎಂದು ಒಂದು ಸಾಲು ಹಾಕಿದರೆ ಜಗಳಕ್ಕೆ ಎಡೆಯೇ ಇಲ್ಲ. ಮೊದಲ ದೃಶ್ಯದಲ್ಲಿ ಹಾಲಿನ ಪ್ಯಾಕೆಟ್ ಎಸೆದು ಹೋದ ಹುಡುಗನ ಹೆಸರು ಎಲ್ಲರಿಗಿಂತ ಮೇಲೆ ಬರುತ್ತದೆ, ಬರಲಿ. ಎಡಕ್ಕೆ ಪಾತ್ರ, ಬಲಕ್ಕೆ ಕಲಾವಿದ. ಪಾತ್ರಕ್ಕೆ ಹೆಸರಿಲ್ಲದಿದ್ದರೆ ‘ಪೊಲೀಸ್ 2’ ಎಂಬುದಕ್ಕಿಂತ ‘ಛತ್ರಿ ಹಿಡಿದ ಪೊಲೀಸ್’ ವಾಸಿ. ಪೊಲೀಸ್ 2ರ ಅಮ್ಮ ಮಗನನ್ನು ಪತ್ತೆ ಹಚ್ಚಬಹುದು.

ಕಲಾವಿದರಾದ ಮೇಲೆ ತಂತ್ರಜ್ಞರು, ವಿಭಾಗವಾರು. ಛಾಯಾಗ್ರಹಣದ ಕೆಳಗೇ ಅದರ ಸಹಾಯಕರು, ಧ್ವನಿಯ ಕೆಳಗೆ ಮೈಕು ಹಿಡಿದವರು. ಆಮೇಲೆ ಸಂಗೀತ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಆ ಕೊಳಲು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯದ್ದಾದರೆ ಕೃತಿಯ ಹೆಸರು, ನುಡಿಸಿದವರು, ಸಿಕ್ಕಿದ ಜಾಗ, ಪರವಾನಗಿಯ ಹೆಸರು ನಾಲ್ಕೂ ಬರಬೇಕು. ‘ಸಂಗೀತ: ಇಂಟರ್‌ನೆಟ್’ ಎಂದು ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಕೊನೆಗೆ ಕೃತಜ್ಞತೆ, ಹಕ್ಕುಸ್ವಾಮ್ಯ, ವರ್ಷ.

ಈ ಪಟ್ಟಿ ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಹರಿಯುವಾಗ ಅಕ್ಷರಗಳು ನಡುಗುವುದನ್ನು ಅನೇಕರು ನೋಡಿರುತ್ತಾರೆ. ಕಂಪ್ಯೂಟರ್ ಹಳೆಯದು ಎಂದು ಬಯ್ಯುತ್ತಾರೆ. ಕಾರಣ ಹೆಚ್ಚಾಗಿ ಗಣಿತದ್ದು. ಖಾಲಿ ಸಾಲುಗಳೂ ಸೇರಿ ಪಟ್ಟಿ 60 ಸಾಲು, ಒಂದೊಂದಕ್ಕೆ 54 ಪಿಕ್ಸೆಲ್ ಎತ್ತರ ಎಂದರೆ 3240 ಪಿಕ್ಸೆಲ್. ಕೊನೆಯ ಸಾಲು ಪರದೆ ದಾಟಿ ಹೋಗಬೇಕಾದರೆ ಪರದೆಯ ಎತ್ತರ 1080ನ್ನೂ ಕೂಡಿಸಬೇಕು, ಒಟ್ಟು 4320. ಸೆಕೆಂಡಿಗೆ 24 ಫ್ರೇಮು ಓಡುವ ಚಿತ್ರದಲ್ಲಿ ಫ್ರೇಮಿಗೆ ಮೂರು ಪಿಕ್ಸೆಲ್ ಸರಿಸಿದರೆ 1440 ಫ್ರೇಮು, ಸರಿಯಾಗಿ ಒಂದು ನಿಮಿಷ. ನಾಲ್ಕು ಪಿಕ್ಸೆಲ್ ಆದರೆ 45 ಸೆಕೆಂಡು. ಎರಡೂ ನುಣ್ಣಗೆ ಹರಿಯುತ್ತವೆ. ಹಾಡು 50 ಸೆಕೆಂಡಿಗೆ ಮುಗಿಯುತ್ತದೆ, ಪಟ್ಟಿಯೂ ಅಲ್ಲಿಗೇ ಮುಗಿಯಲಿ ಎಂದು ಎಳೆದರೆ ಲೆಕ್ಕ ಫ್ರೇಮಿಗೆ 3.6ಕ್ಕೆ ಬಂದು ನಿಲ್ಲುತ್ತದೆ. ಮುಕ್ಕಾದ ಪಿಕ್ಸೆಲ್ ಎಂಬುದು ಪರದೆಯಲ್ಲಿ ಇಲ್ಲ. ಅಕ್ಷರ ಒಮ್ಮೆ ಮೂರು, ಒಮ್ಮೆ ನಾಲ್ಕು ಹೆಜ್ಜೆ ಹಾಕಿ ಕಣ್ಣಿಗೆ ಕುಣಿಯುತ್ತದೆ. ಅಂಥ ಹೊತ್ತಲ್ಲಿ ಬದಲಿಸಬೇಕಾದ್ದು ವೇಗವನ್ನಲ್ಲ. ಖಾಲಿ ಸಾಲುಗಳನ್ನು ಕೂಡಿಸಿ, ಕಳೆದು ಪಟ್ಟಿಯ ಉದ್ದವನ್ನು ಹೊಂದಿಸಬೇಕು.

ಕನ್ನಡದಲ್ಲಿ ಹಾಕುವವರಿಗೆ ಇನ್ನೊಂದು ಕಾಟ ಒತ್ತಕ್ಷರದ್ದು. ಎಡಿಟಿಂಗ್ ತಂತ್ರಾಂಶದ ಅಕ್ಷರಜೋಡಣೆ ಇಂಗ್ಲಿಷಿಗೆ ಮಾತ್ರ ಸಿದ್ಧವಾಗಿದ್ದರೆ ‘ಪ್ರಸನ್ನ’ ಪರದೆಗೆ ಬರುವಾಗ ‘ಪ್‌ರಸನ್‌ನ’ ಆಗಿರುತ್ತಾನೆ. ಪ್ರೀಮಿಯರ್ ಪ್ರೊದಲ್ಲಾದರೆ Preferences ಒಳಗಿನ Graphics ಪುಟದಲ್ಲಿ South Asian and Middle Eastern ಆರಿಸಿದರೆ ಒತ್ತು ತನ್ನ ಜಾಗಕ್ಕೆ ಹೋಗುತ್ತದೆ. ಅಕ್ಷರಗಳ ನಡುವೆ ಅಗಲವಾಗಿ ಜಾಗ ಬಿಡುವುದು ಇಂಗ್ಲಿಷ್ ಟೈಟಲ್‌ಗಳಲ್ಲಿ ಈಗ ಸ್ಟೈಲು. ಕನ್ನಡದಲ್ಲಿ ಹಾಗೆ ಮಾಡಿದರೆ ದೀರ್ಘ, ಒತ್ತು ಎಲ್ಲ ಅಕ್ಷರದಿಂದ ಕಳಚಿಕೊಂಡು ಬೀದಿಗೆ ಬೀಳುತ್ತವೆ. ಸಾಲುಗಳ ನಡುವೆ ಮಾತ್ರ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಇಲ್ಲವಾದರೆ ಮೇಲಿನವನ ಒತ್ತು ಕೆಳಗಿನವನ ತಲೆಕಟ್ಟನ್ನು ತಿವಿಯುತ್ತದೆ.

ಚಿತ್ರೋತ್ಸವಕ್ಕೆ ಕಳಿಸುವವರು ಇನ್ನೊಂದು ವಿಷಯ ನೆನಪಿಡಬೇಕು. ಆಸ್ಕರ್‌ನ ಕಿರುಚಿತ್ರಕ್ಕೆ ಇರುವ 40 ನಿಮಿಷದ ಮಿತಿ ಟೈಟಲ್‌ಗಳನ್ನೂ ಸೇರಿಸಿಯೇ. ಹಾಗಾಗಿ ಸೋದರಮಾವಂದಿರ ಪಟ್ಟಿ ಬೆಳೆದಷ್ಟೂ ಚಿತ್ರದಿಂದ ಒಂದು ಶಾಟು ಹೋಗುತ್ತದೆ.

ಅಂತಿಮ ಪ್ರತಿ ತೆಗೆಯುವ ಮುಂಚೆ ಪಟ್ಟಿಯನ್ನು ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಪ್ರತಿಯೊಬ್ಬರಿಂದಲೂ ತಮ್ಮ ಹೆಸರನ್ನು ತಾವೇ ಟೈಪ್ ಮಾಡಿಸಿಕೊಳ್ಳಿ. ಇನಿಷಿಯಲ್ ಮುಂದೋ ಹಿಂದೋ ಎಂಬುದನ್ನೂ ಸೇರಿಸಿ. ಮನೆ ಬಿಟ್ಟುಕೊಟ್ಟ ಆಂಟಿ ಆ ಗುಂಪಿನಲ್ಲಿ ಇರುವುದಿಲ್ಲ. ಅವರ ಮನೆಗೆ ಹೋಗಿ, ಕೊಟ್ಟ ಚಹಾ ಕುಡಿದು, ಹೆಸರು ಕೇಳಿ ಬರೆದುಕೊಂಡು ಬನ್ನಿ.