ಭಾವನ ಶಿಫಾರಸು

ನಮ್ಮ ಭಾವ ಸಂಸೆಯಲ್ಲಿ ಕೂತು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಮ್ಯಾನೇಜರು. 2020ರಲ್ಲಿ ಲಾಕ್‌ಡೌನ್ ಅಂತ ಲ್ಯಾಪ್‌ಟಾಪು ಹಿಡಿದು ಊರಿಗೆ ಬಂದವರು, ರೋಗ ಹೋದರೂ ವಾಪಸು ಹೋಗಲಿಲ್ಲ. ಅಡಿಕೆ ಮೂಟೆ ಇಡುತ್ತಿದ್ದ ಕೋಣೆಯೇ ಈಗ ಆಫೀಸು. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಹೊಡೆಯುವ ಪಂಪು ಗುಡುಗುಡು ಎನ್ನುವಾಗ ಕಾಲ್‌ನಲ್ಲಿದ್ದವರು ‘ಅದೇನು ಸದ್ದು?’ ಎಂದರೆ, ‘ಪಕ್ಕದಲ್ಲೇ ಮೆಟ್ರೋ ಕೆಲಸ’ ಎನ್ನುತ್ತಾರೆ. ಕಳಸದಿಂದ ಆಚೆಗೆ ಮೆಟ್ರೋ ತಂದ ಕೀರ್ತಿ ಪೂರ್ತಿ ಅವರದೇ.

ಭಾವನ ಟೀಮಿನಲ್ಲಿ ಕೆಲಸ ಮಾಡುವಷ್ಟು ದಿನ ಯಾರೂ ದೊಡ್ಡವರಲ್ಲ. ವರ್ಷಕ್ಕೊಮ್ಮೆ ಅಪ್ರೈಸಲ್ ಬಂದಾಗ ಎಲ್ಲರಿಗೂ ಐದಕ್ಕೆ ಮೂರು. ‘ನಿರೀಕ್ಷೆಗೆ ತಕ್ಕಂತೆ ಇದ್ದಾರೆ, ಸುಧಾರಣೆಗೆ ಅವಕಾಶವಿದೆ’ ಎಂಬ ಷರಾ. ರಾಜೀನಾಮೆ ಕೊಟ್ಟರೆ ಮಾತ್ರ ಅದೇ ಮನುಷ್ಯ ಒಂದು ರಾತ್ರಿಯಲ್ಲಿ ಭೀಷ್ಮ ಪಿತಾಮಹನಾಗುತ್ತಾನೆ. ಕೊನೆಯ ವಾರ ಲಿಂಕ್ಡ್‌ಇನ್‌ನಲ್ಲಿ ‘ಸರ್, ಒಂದು ರೆಕಮೆಂಡೇಷನ್’ ಅಂತ ವಿನಂತಿ ಬರುತ್ತದೆ. ಭಾವ ಕಾಫಿ ಲೋಟ ಕೆಳಗಿಡುವ ಮೊದಲೇ ಬರೆದು ಮುಗಿಸುತ್ತಾರೆ. ಇಂಗ್ಲಿಷಿನಲ್ಲಿರುವ ಅದರ ಸಾರ ಇಷ್ಟು: ‘ಇವರೊಂದಿಗೆ ಕೆಲಸ ಮಾಡುವ ಸೌಭಾಗ್ಯ ನನ್ನದಾಗಿತ್ತು. ಕಠಿಣ ಪರಿಶ್ರಮಿ, ಎಲ್ಲರೊಂದಿಗೆ ಹೊಂದಿಕೊಳ್ಳುವ ಸ್ವಭಾವ, ಎಂಥ ಒತ್ತಡದಲ್ಲೂ ನಗುಮುಖ, ಅದ್ಭುತ ಮಾತುಗಾರಿಕೆ. ಯಾವ ಸಂಸ್ಥೆಗೆ ಹೋದರೂ ಇವರು ಅಮೂಲ್ಯ ಆಸ್ತಿ.’

ಇದನ್ನು ಓದಿದರೆ ಮದುವೆ ಬ್ರೋಕರ್ ಬರೆದದ್ದೋ ಮ್ಯಾನೇಜರ್ ಬರೆದದ್ದೋ ಹೇಳುವುದು ಕಷ್ಟ. ಭಾವನ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ. ಹೋಗುವವರನ್ನು ಬರಿಗೈಯಲ್ಲಿ ಕಳಿಸಬಾರದು, ನಮ್ಮ ಕಡೆ ಎಲೆ ಅಡಿಕೆಯನ್ನಾದರೂ ಕೊಡುವುದಿಲ್ಲವೇ ಎಂಬ ಲೆಕ್ಕ. ಆದರೆ ಲಿಂಕ್ಡ್‌ಇನ್ ಮಾಡಿದವನಿಗೆ ಇಂಥ ಭಾವಂದಿರ ಪರಿಚಯ ಮೊದಲೇ ಇತ್ತೋ ಏನೋ. ಪ್ರೊಫೈಲಿನಲ್ಲಿ ರೆಕಮೆಂಡೇಷನ್ ಇರುವ ಜಾಗದಲ್ಲಿ Received ಎಂದೊಂದು, Given ಎಂದೊಂದು ವಿಭಾಗ ಇಟ್ಟಿದ್ದಾನೆ. ಒಬ್ಬರು ತಮಗೆ ಬಂದ ಹೊಗಳಿಕೆಯನ್ನು ಮೊದಲನೆಯದರಲ್ಲಿ ತೋರಿಸಿದರೆ, ಹೊಗಳಿದವರು ಇನ್ನು ಯಾರ್‍ಯಾರನ್ನು ಹೇಗೆಲ್ಲ ಹೊಗಳಿದ್ದಾರೆ ಎಂಬುದು ಎರಡನೆಯದರಲ್ಲಿ ಸಾಲಾಗಿ, ತಾರೀಕು ಸಮೇತ ಕೂತಿರುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವರಲ್ಲಿ ಬುದ್ಧಿವಂತರು ಅದನ್ನೇ ಮೊದಲು ತೆರೆಯುತ್ತಾರೆ. ಭಾವನ Given ಪಟ್ಟಿಯಲ್ಲಿ ಹದಿನಾರು ಮಂದಿ ಇದ್ದರು. ಹದಿನಾರಕ್ಕೆ ಹದಿನಾರೂ ಅಮೂಲ್ಯ. ಅದರಲ್ಲಿ ಇಬ್ಬರು ಭಾವನನ್ನೂ ಅದೇ ದಿನ ಅಮೂಲ್ಯ ಎಂದು ಬರೆದು ಮುಯ್ಯಿ ತೀರಿಸಿದ್ದರು.

ಹದಿನೇಳನೆಯವಳು ಮಾತ್ರ ಬೇರೆ ಜಾತಿಯ ಪ್ರಾಣಿ. ಸಂಬಳದ ಲೆಕ್ಕ ಮಾಡುವ ಸಾಫ್ಟ್‌ವೇರಿನ ಪರೀಕ್ಷೆ ಅವಳ ಕೆಲಸ. ಎರಡು ವರ್ಷ ಭಾವನ ಕೈಕೆಳಗಿದ್ದು, ಮೊನ್ನೆ ಮಾರ್ಚ್‌ನಲ್ಲಿ ಬೇರೆ ಕಡೆ ಹೊರಟಳು. ಭಾವ ವಾಡಿಕೆಯಂತೆ ಪ್ರಸಾದ ಕಳಿಸಿದರು. ಲಿಂಕ್ಡ್‌ಇನ್‌ನಲ್ಲಿ ಬಂದ ಶಿಫಾರಸನ್ನು ನೇರವಾಗಿ ಪ್ರೊಫೈಲಿಗೆ ಸೇರಿಸಿಕೊಳ್ಳಲೇಬೇಕೆಂದಿಲ್ಲ. ಬೇಡವೆಂದರೆ ಬಿಡಬಹುದು, ತಿದ್ದಿ ಕೊಡಿ ಎಂದು ವಾಪಸೂ ಕಳಿಸಬಹುದು. ಭಾವನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಶಿಫಾರಸು ವಾಪಸು ಬಂತು. ಜೊತೆಗೆ ಒಂದೇ ಸಾಲು: ‘ಸರ್, ತುಂಬಾ ಧನ್ಯವಾದ. ಮೂರನೇ ಸಾಲಿನಲ್ಲಿ ನಾನು ಗಂಡಸಾಗಿದ್ದೇನೆ, ಸಾಧ್ಯವಾದರೆ ಸರಿಪಡಿಸಿ.’

ಹದಿನಾರನೆಯವನ ಅಂಗಿಯನ್ನು ಇವಳಿಗೆ ತೊಡಿಸುವಾಗ ಒಂದು ಗುಂಡಿ ಬಿಚ್ಚುವುದು ಮರೆತಿತ್ತು.

ಯುಗಾದಿಗೆ ನಾವು ಸಂಸೆಗೆ ಹೋದಾಗ ಈ ಪ್ರಕರಣ ಬಿಸಿಯಾಗಿಯೇ ಇತ್ತು. ಭಾವ ಜಗಲಿಗೆ ಬಂದು, ‘ಇಂಥದ್ದಕ್ಕೆಲ್ಲ ವಾಪಸ್ ಕಳಿಸ್ತಾರಾ ಮಾರಾಯ?’ ಎಂದು ನನ್ನ ಮುಂದೆ ಗೋಳು ತೋಡಿಕೊಂಡರು. ಅಂಗಳದಲ್ಲಿ ಮೆಣಸು ಹರವುತ್ತಿದ್ದ ನಮ್ಮ ಮಾವ ಕಿವಿ ನಿಮಿರಿಸಿದರು. ಮಾವ ಬಹಳ ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹಾಜರಿ ಹಾಕಿ, ಸಂಜೆ ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಎಂದು ತೂಗಿ ಬರೆಯುವುದು ಅವರ ಹೊಟ್ಟೆಪಾಡು. ವಿಶೇಷಣಗಳ ಪರಿಚಯ ಅವರಿಗೆ ಕಮ್ಮಿ.

‘ಎಂತ ಬರ್ದಿದೀಯ, ಓದು ನೋಡ್ವ’ ಎಂದರು. ಭಾವ ಓದಿದರು.

‘ಆ ಹುಡ್ಗಿ ಎಂತ ಕೆಲಸ ಮಾಡ್ತಿದ್ಲು?’

‘ಅಪ್ಪಯ್ಯ, ಅದೆಲ್ಲ ಟೆಕ್ನಿಕಲ್ಲು.’

‘ಅಲ್ಲ ಮಾರಾಯ, ಇದ್ರಲ್ಲಿ ಅವಳು ಎಂತ ಮಾಡಿದ್ಲು ಅಂತಾನೇ ಇಲ್ವಲ್ಲ. ನಗುಮುಖ ಅಂದ್ಯಲ್ಲ, ನಗೋದಕ್ಕೆ ಸಂಬಳ ಕೊಡ್ತಿದ್ರಾ?’ ಎಂದ ಮಾವ, ಹಿಂದೆ ಎಸ್ಟೇಟು ಬಿಟ್ಟು ಹೋಗುವ ಆಳಿಗೆ ತಾವು ಬರೆದು ಕೊಡುತ್ತಿದ್ದ ಚೀಟಿ ನೆನಪಿಸಿಕೊಂಡರು: ‘ಗಿಡ ಕಸಿ ಮಾಡಲು ಚೆನ್ನಾಗಿ ಬರುತ್ತದೆ. ಮರಗಸಿಗೆ ಹತ್ತಿಸಬೇಡಿ.’ ಅಷ್ಟೇ. ಆ ಚೀಟಿ ತೋರಿಸಿದರೆ ಪಕ್ಕದ ಎಸ್ಟೇಟಿನವರು ಎರಡನೇ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರಂತೆ. ಮರ ಹತ್ತಿಸಬೇಡಿ ಎಂದು ಬರೆದವನು ಕಸಿಯ ವಿಷಯದಲ್ಲಿ ಸುಳ್ಳು ಹೇಳಲಾರ ಎಂಬ ನಂಬಿಕೆ.

ಭಾವನಿಗೆ ರೋಷ ಬಂತು. ಒಳಗೆ ಹೋಗಿ ಹಳೆಯ ಮೇಲುಗಳನ್ನೆಲ್ಲ ಕೆದಕಿದರು. ಆ ಹುಡುಗಿ ಮಾಡಿದ ಕೆಲಸ ಅವರಿಗೆ ನಿಜವಾಗಿ ತಿಳಿದದ್ದು ಅವತ್ತೇ ಎಂದು ನನ್ನ ಗುಮಾನಿ.

ಸಿಕ್ಕಿದ ಸಂಗತಿ ಇದು. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕೂ ಮೇಲೆ ಸಂಬಳ ಇರುವವರಿಗೆ ವೃತ್ತಿ ತೆರಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಸರ್ಕಾರ ಒಂದು ಸಣ್ಣ ಗಂಟು ಹಾಕಿತು: ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500ಕ್ಕಿಂತ ಹೆಚ್ಚು ವೃತ್ತಿ ತೆರಿಗೆ ಹಾಕಬಾರದೆಂದು ಸಂವಿಧಾನದ 276ನೇ ವಿಧಿಯಲ್ಲೇ ಇದೆ. ಹಿಂದೆ 2,400ಕ್ಕೆ ನಿಲ್ಲುತ್ತಿದ್ದದ್ದನ್ನು ಸರ್ಕಾರ ಆ ನೂರು ರೂಪಾಯಿಯೂ ಕೈತಪ್ಪದಂತೆ ಅಂಚಿಗೆ ತಂದು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಬಂದ ಬದಲಾವಣೆ ಕಣ್ಣಿಗೆ ಕಾಣುವುದು ಹತ್ತು ತಿಂಗಳ ನಂತರ. ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ಇವಳು ಮರೆತಿರಲಿಲ್ಲ. 2026ರ ಜನವರಿಯಲ್ಲೇ, ಯಾರೂ ಹೇಳದೆ, ಪರೀಕ್ಷೆಯ ಪ್ರತಿಯಲ್ಲಿ ಫೆಬ್ರವರಿಯ ಸಂಬಳ ಓಡಿಸಿ ನೋಡಿದಳು. ಸಾಫ್ಟ್‌ವೇರು ಅಮಾಯಕನಂತೆ 200ನ್ನೇ ಕತ್ತರಿಸಿತು. ಹಾಗೇ ಬಿಟ್ಟಿದ್ದರೆ ತಲೆಗೆ ನೂರರಂತೆ ಕಡಿಮೆ ಬೀಳುತ್ತಿತ್ತು. ನೌಕರರಿಂದ ಕತ್ತರಿಸಿದರೂ ಬಿಟ್ಟರೂ ಸರ್ಕಾರಕ್ಕೆ ಕಟ್ಟುವ ಹೊಣೆ ಸಂಬಳ ಕೊಡುವ ಕಂಪನಿಯದ್ದೇ ಆದ್ದರಿಂದ, ಈ ಸಾಫ್ಟ್‌ವೇರು ಬಳಸುವ ಗಿರಾಕಿಗಳೆಲ್ಲ ಭಾವನ ಫೋನು ಹುಡುಕಿಕೊಂಡು ಸಂಸೆಯ ಘಾಟಿ ಹತ್ತುತ್ತಿದ್ದರು.

ಭಾವ ಉಮೇದಿನಲ್ಲಿ ಎರಡನೇ ಕರಡು ಬರೆದರು. ‘ಏಕಾಂಗಿಯಾಗಿ ಕಂಪನಿಯನ್ನು ಮಹಾ ಗಂಡಾಂತರದಿಂದ ಪಾರು ಮಾಡಿದರು’ ಎಂದು ಶುರುವಾಯಿತು. ಏಕಾಂಗಿ ಹೌದಾ ಎಂದು ನಾನು ಕೇಳಿದೆ. ಅಲ್ಲವಂತೆ, ತಪ್ಪು ಹಿಡಿದದ್ದು ಅವಳು, ಪ್ರೋಗ್ರಾಮು ತಿದ್ದಿದ್ದು ಪಕ್ಕದ ಟೀಮಿನ ಹುಡುಗ. ಅವನೂ ಲಿಂಕ್ಡ್‌ಇನ್‌ನಲ್ಲಿದ್ದಾನೆ, ನಾಳೆ ಓದುತ್ತಾನೆ. ಏಕಾಂಗಿ ಹೋಯಿತು. ಗಂಡಾಂತರವೂ ಹೋಯಿತು, ಏಕೆಂದರೆ ನಮ್ಮ ಲೆಕ್ಕ ತಪ್ಪಿತ್ತು ಎಂದು ಕಂಪನಿಯವರೇ ಊರಿಗೆ ಡಂಗುರ ಹೊಡೆದಂತಾಗುತ್ತದೆ. ಗಿರಾಕಿಗಳ ಹೆಸರು ಹಾಕಿದ್ದರು, ಅದನ್ನು ಹಾಕುವಂತೆಯೇ ಇಲ್ಲ. ‘ತಂಡವನ್ನು ಮುನ್ನಡೆಸಿದರು’ ಎಂದಿತ್ತು. ಅವಳ ಹುದ್ದೆ ಮುನ್ನಡೆಸುವುದಾಗಿರಲಿಲ್ಲ, ಇಬ್ಬರು ಹೊಸಬರಿಗೆ ಕೆಲಸ ಕಲಿಸಿದ್ದಳು. ಕಲಿಸಿದರು ಎಂದೇ ಇರಲಿ ಎಂದಾಯಿತು. ಇನ್ನು ಆ ‘ಅದ್ಭುತ ಮಾತುಗಾರಿಕೆ’. ಅವಳು ಮೀಟಿಂಗಿನಲ್ಲಿ ಬಾಯಿ ಬಿಟ್ಟದ್ದು ಕಮ್ಮಿ, ಅದಕ್ಕೇ ಐದಕ್ಕೆ ಮೂರು ಕೊಟ್ಟದ್ದು ಎಂದು ಭಾವನೇ ಬಾಯಿಬಿಟ್ಟರು. ‘ಹಂಗಾರೆ ಅದನ್ನೇ ಬರಿ’ ಎಂದು ಮಾವ ಅಂಗಳದಿಂದಲೇ ಕೂಗಿದರು.

‘ಸೌಭಾಗ್ಯ’ದ ಸಾಲಿಗೆ ಮಾತ್ರ ಭಾವ ಬಹಳ ಹೊತ್ತು ಅಂಟಿಕೊಂಡಿದ್ದರು. ಶಿಫಾರಸಿಗೆ 3,000 ಅಕ್ಷರಗಳಷ್ಟು ಜಾಗವೇನೋ ಇದೆ. ಆದರೆ ಉದ್ದ ಬರೆದರೆ ಮೊದಲ ಕೆಲವು ಸಾಲು ಮಾತ್ರ ಕಾಣಿಸಿ ಉಳಿದದ್ದು ಮಡಚಿಕೊಂಡಿರುತ್ತದೆ, ಒತ್ತಿದರೆ ಮಾತ್ರ ಬಿಚ್ಚುತ್ತದೆ. ಕಾಣುವ ಜಾಗದಲ್ಲಿ ಭಾವನ ಸೌಭಾಗ್ಯ ಕೂತರೆ ಹುಡುಗಿಯ ಕೆಲಸ ಮಡಿಕೆಯೊಳಗೆ ಹೋಗುತ್ತದೆ. ಕೊನೆಗೆ ಉಳಿದದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ:

‘ಎರಡು ವರ್ಷ ಇವರು ನೇರವಾಗಿ ನನ್ನ ಕೈಕೆಳಗೆ ಸಂಬಳ ಲೆಕ್ಕದ ಸಾಫ್ಟ್‌ವೇರನ್ನು ಪರೀಕ್ಷಿಸಿದರು. ಕರ್ನಾಟಕದ ವೃತ್ತಿ ತೆರಿಗೆ ಫೆಬ್ರವರಿಗೆ ಮಾತ್ರ ಬದಲಾಗುವುದನ್ನು ಯಾರೂ ನೆನಪಿಸದೆಯೇ ಗಮನಿಸಿ, ಒಂದು ತಿಂಗಳು ಮೊದಲೇ ಪರೀಕ್ಷಿಸಿ, ಏನು ತಿದ್ದಬೇಕೆಂದು ಅರ್ಧ ಪುಟದಲ್ಲಿ ಬರೆದುಕೊಟ್ಟರು. ಸಂಬಳದ ದಿನ ನಮಗೆ ಒಂದು ದೂರೂ ಬರಲಿಲ್ಲ. ತಿಂಗಳ ಕೊನೆಗೆ ನೋಡಬೇಕಾದ ಅಂಶಗಳ ಪಟ್ಟಿಯೊಂದನ್ನು ಮಾಡಿ ಇಬ್ಬರು ಹೊಸಬರಿಗೆ ಕಲಿಸಿದರು, ಅದನ್ನು ಈಗಲೂ ಬಳಸುತ್ತಿದ್ದೇವೆ. ಸಭೆಗಳಲ್ಲಿ ಇವರ ಮಾತು ಕಡಿಮೆ. ಬರೆದ ಟಿಪ್ಪಣಿ ಮಾತ್ರ ಯಾರನ್ನೂ ಕೇಳದೆ ಅರ್ಥವಾಗುತ್ತದೆ. ನಿಯಮಗಳು ಪದೇ ಪದೇ ಬದಲಾಗುವಂಥ ಕೆಲಸಕ್ಕೆ ಇವರನ್ನು ನಾನು ಮತ್ತೆ ತೆಗೆದುಕೊಳ್ಳುತ್ತೇನೆ.’

ಮಾವ ಓದಿಸಿ ಕೇಳಿ, ‘ಈಗ ಹಾಜರಿ ಹಾಕಿದಂಗಾಯ್ತು’ ಎಂದು ಮೆಣಸಿನ ಕಡೆ ತಿರುಗಿದರು. ಹುಡುಗಿ ಹತ್ತು ನಿಮಿಷದಲ್ಲಿ ಸೇರಿಸಿಕೊಂಡಳು.

ಅದಾದ ಮೇಲೆ ಹಳಬರಲ್ಲಿ ಮೂವರು ತಮ್ಮದನ್ನೂ ತಿದ್ದಿ ಕೊಡಿ ಎಂದು ಕೇಳಿದ್ದಾರೆ. ಭಾವ ಹಳೆಯ ಮೇಲುಗಳನ್ನು ಮತ್ತೆ ಕೆದಕಿದರು. ಒಬ್ಬ ಮಾಡಿದ ಕೆಲಸ ಸಿಕ್ಕಿತು, ಬರೆದು ಕೊಟ್ಟರು. ಉಳಿದಿಬ್ಬರದು ಎಷ್ಟು ಕೆದಕಿದರೂ ಸಿಗಲಿಲ್ಲ. ಅವರಿಬ್ಬರೂ ಅಮೂಲ್ಯರಾಗಿಯೇ ಉಳಿದಿದ್ದಾರೆ.