ಪರಿಚಯದ ಮಾಸ್ಟ್ರು

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದು ಮೊದಲ ಮಳೆ ನೆಲಕ್ಕೆ ತಾಗುವ ವೇಳೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಪ್ರತಿಭಾ ಪುರಸ್ಕಾರಗಳ ಋತು ಪ್ರಾರಂಭವಾಗುವುದು. ಹಾಲು ಸೊಸೈಟಿಯ ಮಹಾಸಭೆ, ಗಣೇಶೋತ್ಸವದ ಎರಡನೆಯ ಸಂಜೆ, ಜಾತಿ ಸಂಘಗಳ ವಾರ್ಷಿಕ ಸಮಾವೇಶ, ಭಜನಾ ಮಂದಿರದ ಮಂಗಲೋತ್ಸವ ಮೊದಲಾಗಿ, ಎಲ್ಲಿ ಹತ್ತು ಕುರ್ಚಿಗಳೂ ಒಂದು ಮೈಕೂ ಕೂಡಿಬರುವುವೋ ಅಲ್ಲೆಲ್ಲ ಒಬ್ಬ ಬಾಲಕನೋ ಬಾಲಕಿಯೋ ತನ್ನ ಮೈಯಳತೆಗೆ ಮೀರಿದ ಶಾಲನ್ನು ಹೊದ್ದು, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿರಿಸಿಕೊಂಡು, ತನ್ನ ವಿಷಯವಾಗಿ ಅನ್ಯರಾಡುವ ಮಾತುಗಳನ್ನು ತಲೆತಗ್ಗಿಸಿ ಆಲಿಸುತ್ತಿರುವ ದೃಶ್ಯವನ್ನು ಕಾಣಬಹುದು.

ಆ ಮಾತುಗಳು ಬಹುಮಟ್ಟಿಗೆ ಅಂಕಪಟ್ಟಿಯ ಪಾರಾಯಣವೇ ಆಗಿರುತ್ತವೆ. ಕನ್ನಡದಲ್ಲಿ 125ಕ್ಕೆ 125, ಇಂಗ್ಲಿಷಿನಲ್ಲಿ 99, ಹಿಂದಿಯಲ್ಲಿ 100, ಗಣಿತದಲ್ಲಿ 99 ಎಂದು ನಿರೂಪಕರು ಏರುಸ್ವರದಲ್ಲಿ ಓದುತ್ತ ಹೋದಂತೆ ಒಂದೊಂದು ಸಂಖ್ಯೆಗೂ ಚಪ್ಪಾಳೆ ಬೀಳುವುದು, ವಿಜ್ಞಾನದ 97ಕ್ಕೆ ಬಂದಾಗ ಆ ಚಪ್ಪಾಳೆ ಕಿಂಚಿತ್ ಕ್ಷೀಣಿಸಿ, ಮುಂದಿನ ಸಾಲಿನ ಹಿರಿಯರೊಬ್ಬರು "ಅಲ್ಲಿ ಎಂತ ಆಯ್ತು?" ಎಂದು ಪಕ್ಕದವರನ್ನು ವಿಚಾರಿಸುವುದೂ ಉಂಟು. ಸಮಾಜ ವಿಜ್ಞಾನದ 99ನ್ನೂ ಕೂಡಿಸಿ ಒಟ್ಟು 619 ಎಂದು ಘೋಷಿಸಿದಲ್ಲಿಗೆ ಪರಿಚಯ ಸಮಾಪ್ತ. 2022ರಲ್ಲಿ ಈ ರಾಜ್ಯದಲ್ಲಿ 625ಕ್ಕೆ 625 ಅಂಕಗಳನ್ನೇ ಪಡೆದವರು 145 ಮಂದಿ ಇದ್ದರು. ಅವರೆಲ್ಲರನ್ನೂ ಒಂದೇ ವೇದಿಕೆಯಲ್ಲಿ ಕುಳ್ಳಿರಿಸಿ ಈ ಕ್ರಮದಲ್ಲಿ ಪರಿಚಯಿಸಹೊರಟರೆ, ಹೆಸರನ್ನು ಮಾತ್ರ ಬದಲಿಸುತ್ತ ಒಂದೇ ವಾಕ್ಯವನ್ನು 145 ಸಲ ಉಚ್ಚರಿಸಬೇಕಾದೀತು.

ಈ ಅನರ್ಥವನ್ನು ಏಕಾಂಗಿಯಾಗಿ ಪ್ರತಿಭಟಿಸುತ್ತ ಬಂದಿರುವವರೇ ನಮ್ಮ ಪರಿಚಯದ ಮಾಸ್ಟ್ರು. ಅವರ ನಿಜನಾಮ ಊರಿನವರಿಗೆ ಬಹುತೇಕ ಮರೆತುಹೋಗಿದೆ. ಮೂರು ತಾಲೂಕುಗಳಲ್ಲಿಯೂ ಇಂತಹವರು ಒಬ್ಬೊಬ್ಬರಿರುವರಾದುದರಿಂದ ಹೆಸರಿನ ಅಗತ್ಯವೂ ಇಲ್ಲ. ಬಿಳಿಯ ಪಂಚೆ, ಅರ್ಧ ತೋಳಿನ ಅಂಗಿ, ಬಟ್ಟೆಯ ಚೀಲ, ಚೀಲದೊಳಗೆ ಸಹಕಾರಿ ಬ್ಯಾಂಕಿನವರು ಕೊಟ್ಟ ಡೈರಿ: ನಿವೃತ್ತ ಪ್ರೌಢಶಾಲಾ ಅಧ್ಯಾಪಕರಿಗೆ ಇಷ್ಟು ಸಾಕು. ಆದರೆ ಅವರ ನಿಜವಾದ ವಿದ್ಯಾಭ್ಯಾಸ ನಡೆದುದು ಶಾಲೆಯಲ್ಲಲ್ಲ, ತಾಳಮದ್ದಳೆಯ ಕೂಟಗಳಲ್ಲಿ. ಅರ್ಥಧಾರಿಯೊಬ್ಬನು ಮೊದಲ ಪದ್ಯದ ಬಳಿಕ ತನ್ನ ಪಾತ್ರ ಯಾರು, ಎಲ್ಲಿಂದ ಬಂದಿತು, ಈಗ ಯಾವ ಸಂಕಟದಲ್ಲಿದೆ ಎಂಬುದನ್ನು ಸಭೆಗೆ ತಿಳಿಸುವ ಆ ಪೀಠಿಕೆಯೇ ಪರಿಚಯ ಭಾಷಣಕ್ಕೆ ಪರಮಾದರ್ಶವೆಂಬುದು ಅವರ ಸಿದ್ಧಾಂತ. "ಶೇಣಿಯವರ ಪೀಠಿಕೆ ಕೇಳಿದ್ದೀರಲ್ಲ? ಕರ್ಣ ತನ್ನ ಬತ್ತಳಿಕೆಯಲ್ಲಿ ಎಷ್ಟು ಬಾಣ ಉಂಟು ಅಂತ ಯಾವತ್ತಾದರೂ ಲೆಕ್ಕ ಹೇಳಿದ್ದುಂಟಾ ಮಾರಾಯ್ರೆ?" ಎಂದು ಅವರು ಕೇಳಿದರೆ ಉತ್ತರಿಸುವುದು ಕಷ್ಟ.

ಕಾರ್ಯದರ್ಶಿಗಳು ಫೋನಿನಲ್ಲಿ "ಮಾಸ್ಟ್ರೇ, ಮೂರು ನಿಮಿಷದ ಪರಿಚಯ, ಮಾರ್ಕ್ಸ್ ಕಾರ್ಡು ವಾಟ್ಸಾಪಿಗೆ ಹಾಕ್ತೇನೆ" ಎಂದರೆ ಅವರ ಉತ್ತರ ಸದಾ ಒಂದೇ: "ಕಾರ್ಡು ಬೇಡ, ಮನೆಗೆ ದಾರಿ ಹೇಳಿ." ಮೂಡುಬಿದಿರೆಯ ಒಂದು ಸಭೆಗಾಗಿ ಅವರು ವೇಣೂರಿನಾಚೆಯ ಹಳ್ಳಿಯೊಂದಕ್ಕೆ, ಬಸ್ಸಿಳಿದು ತೋಟದ ಬದುವಿನಲ್ಲಿ ನಡೆದು, ಮೇಲೆ ಹೇಳಿದ 619ರ ಬಾಲಕಿಯ ಮನೆಯನ್ನು ತಲುಪಿದ ಪ್ರಸಂಗವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತ.

"ಹೇಗೆ ಓದಿದೆ?" ಎಂಬ ಪ್ರಶ್ನೆಯನ್ನು ಮಾಸ್ಟ್ರು ಎಂದೂ ಕೇಳರು, ಅದಕ್ಕೆ ಅಂದಿನ ಪಾಠವನ್ನು ಅಂದೇ ಓದಿದೆನೆಂಬ, ತಂದೆ ತಾಯಿ ಗುರುಗಳ ಪ್ರೋತ್ಸಾಹವಿತ್ತೆಂಬ ಉತ್ತರ ಪ್ರತಿ ಮೇ ತಿಂಗಳಿನಲ್ಲಿಯೂ ಪತ್ರಿಕೆಗಳಲ್ಲಿ ಸಿದ್ಧವಾಗಿಯೇ ಇರುವುದು. ಅವರು ಕೇಳುವುದು ಬೇರೆ: ಯಾವ ಪಾಠ ತಲೆಗೆ ಹತ್ತಲಿಲ್ಲ, ಹತ್ತದಿದ್ದಾಗ ಯಾರ ಬಳಿಗೆ ಹೋದೆ, ಎಲ್ಲಿ ಕುಳಿತು ಓದಿದೆ, ಆ ಪುಸ್ತಕವನ್ನು ತೋರಿಸು. ಬಳಿಕ ಸಾಕ್ಷಿಗಳ ವಿಚಾರಣೆ. ತಂದೆಯರ ಸಾಕ್ಷ್ಯವನ್ನು ಅವರು ಅಷ್ಟಾಗಿ ನಂಬುವುದಿಲ್ಲ; ಫಲಿತಾಂಶದ ಬಳಿಕ ತಂದೆಯರ ಸ್ಮರಣೆ ವೀರರಸದ ಕಡೆಗೆ ವಾಲುವುದೆಂದು ಅವರ ಅನುಭವ. ತಮ್ಮಂದಿರು ಉತ್ತಮ ಸಾಕ್ಷಿಗಳು. ಈ ಮನೆಯ ತಮ್ಮನು ಕೇಳುವ ಮೊದಲೇ "ಅಕ್ಕ ಶನಿವಾರ ರಾತ್ರಿ ಓದುವುದೇ ಇಲ್ಲ, ಸೀರಿಯಲ್ ನೋಡುವುದು" ಎಂದು ಹೇಳಿಬಿಟ್ಟನು. ಮಾಸ್ಟ್ರು ಅದನ್ನು ಡೈರಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು. ಬ್ರಾಹ್ಮೀ ಮುಹೂರ್ತದ ವಿಚಾರ ಬಂದಾಗ ತಾಯಿ, "ಬೆಳಿಗ್ಗೆ ಏಳುವುದೆಲ್ಲ ಸುಳ್ಳು ಮಾಸ್ಟ್ರೇ. ರಾತ್ರಿ ನಾನು ಬೀಡಿ ಕಟ್ಟುವಾಗ ಎದುರು ಕೂತು ಓದುವುದು. ನನ್ನ ಬೀಡಿ ಮುಗಿದರೆ ಅವಳ ಓದೂ ಮುಗೀತು" ಎಂದರು.

ಆದರೆ ಮಾಸ್ಟ್ರ ಕಣ್ಣುಗಳನ್ನು ಅರಳಿಸಿದ್ದು ಬಾಲಕಿ ಸಂಕೋಚದಿಂದ ತಂದಿತ್ತ ಒಂದು ಹಳೆಯ ನೋಟ್ ಪುಸ್ತಕ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 80ರಲ್ಲಿ 51 ಮಾತ್ರ ಬಂದಾಗ ಆಕೆ ಒಂದು ದಿನ ಅತ್ತು, ಮರುದಿನ ತಿದ್ದಿದ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು, ಕಳೆದುಹೋದ 29 ಅಂಕಗಳನ್ನು ಮೂರು ಕಂಬಸಾಲುಗಳಲ್ಲಿ ವಿಂಗಡಿಸಿದ್ದಳು. ಪಾಠವೇ ಗೊತ್ತಿಲ್ಲದೆ ಹೋದವು 11. ಗೊತ್ತಿದ್ದೂ ಚಿತ್ರದಲ್ಲಿ ಹೋದವು 8. ಪೀನ ಮಸೂರದ ಮೂಲಕ ಹಾಯುವ ಬೆಳಕಿನ ಕಿರಣಗಳನ್ನು ಸರಿಯಾಗಿ ಎಳೆದಿದ್ದರೂ ಅವುಗಳಿಗೆ ಬಾಣದ ಗುರುತು ಹಾಕಿರಲಿಲ್ಲ, ಭಾಗಗಳನ್ನು ಹೆಸರಿಸಿರಲಿಲ್ಲ. ಉಳಿದ 10 ಹೋದುದು ಕೊನೆಯ ಪ್ರಶ್ನೆಗಳಿಗೆ ವೇಳೆ ಸಾಲದೆ. ಹೀಗೆ ವಿಂಗಡಿಸಿದ ಮೇಲೆ ಕೆಲಸ ತಾನಾಗಿ ಮೂರು ಪಾಲಾಯಿತು: ಗೊತ್ತಿಲ್ಲದ್ದನ್ನು ಕೇಳಲು ಊಟದ ಬಿಡುವಿನಲ್ಲಿ ವಿಜ್ಞಾನದ ಟೀಚರ ಬಳಿಗೆ ಹೋಗುವುದು, ದಿನಕ್ಕೆರಡು ಕಿರಣಚಿತ್ರಗಳನ್ನು ಸ್ಕೇಲಿನಿಂದ ಎಳೆದು ಬಾಣಗಳನ್ನು ಗುರುತಿಸುವುದು, ಭಾನುವಾರ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಟ್ಟು ಬರೆಯುವುದು. ಪರೀಕ್ಷೆಯಲ್ಲಿ ಬರೆಯುವ ಮೊದಲು ಪ್ರಶ್ನೆಗಳನ್ನು ಓದಲೆಂದು ಕೊಡುವ 15 ನಿಮಿಷಗಳಲ್ಲಿ ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಬರೆಯಬೇಕೆಂಬುದನ್ನು ನಿಶ್ಚಯಿಸುವ ಅಭ್ಯಾಸವನ್ನೂ ಆಕೆ ಮನೆಯಲ್ಲೇ ಮಾಡಿಕೊಂಡಳು. ಫಲ: ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 77, ಆಂತರಿಕ ಮೌಲ್ಯಮಾಪನದ 20 ಸೇರಿ ಆ ಅಪಖ್ಯಾತ 97.

"ನೋಡಿ, ಚಪ್ಪಾಳೆ ಕಮ್ಮಿಯಾಗುವ ಮಾರ್ಕಿನಲ್ಲೇ ಕಥೆ ಇರುವುದು!" ಎಂದು ಮಾಸ್ಟ್ರು ಹರ್ಷಿಸಿದರು. ಕರ್ಣನ ಬಾಣಗಳನ್ನು ಎಣಿಸಬಾರದೆನ್ನುವವರು ಕಿರಣಗಳ ಬಾಣಗಳನ್ನು ಎಣಿಸಲು ಕುಳಿತುದನ್ನು ಕಂಡು, ಜೊತೆಗೆ ಹೋಗಿದ್ದ ನನಗೆ ನಗು ಬಂದರೂ ಸುಮ್ಮನಿದ್ದೆ.

ಹೊರಡುವ ಮುನ್ನ ಅವರು ಇನ್ನೊಂದು ಪ್ರಶ್ನೆ ಕೇಳುವರು: "ಯಾವುದನ್ನು ಹೇಳಬಾರದು?" ಬಾಲಕಿ ತಡವರಿಸಿ "ಬೀಡಿಯ ವಿಷಯ ಬೇಡ ಸರ್" ಎಂದಳು. ತಾಯಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ, "ಎಂತಕ್ಕೆ ಬೇಡ? ನಾನು ಕದ್ದದ್ದಾ?" ಎಂದರು. ವೇದಿಕೆಯ ಮೇಲೆ ಕಡುಬಡತನವನ್ನು ಕರುಣಾರಸದಲ್ಲಿ ಅದ್ದಿ ತೆಗೆದು, ಮುಖ್ಯ ಅತಿಥಿಗಳ ಕೈಗೆ ಕರವಸ್ತ್ರ ಬರುವಂತೆ ಮಾಡುವ ಪರಿಚಯಕಾರರನ್ನು ಕಂಡಿದ್ದ ಆ ಹುಡುಗಿಯ ಭಯ ನಿರಾಧಾರವಾದುದಲ್ಲ. ಬಹಳ ಹೊತ್ತಿನ ಸಂಧಾನದ ಬಳಿಕ, ಬಡತನವೆಂಬ ಪದವನ್ನು ಉಚ್ಚರಿಸದೆ, ತಾಯಿಯ ಕೆಲಸವೂ ಮಗಳ ಓದೂ ಒಟ್ಟಿಗೆ ಮುಗಿಯುತ್ತಿದ್ದುವೆಂದು ಮಾತ್ರ ಹೇಳತಕ್ಕದ್ದೆಂದು ತೀರ್ಮಾನವಾಯಿತು.

ಗಂಟೆಗಳ ವಿಷಯದಲ್ಲಿ ಅವರು ಅತ್ಯಂತ ನಿಷ್ಠುರರು. ಬಂಟ್ವಾಳದ ಕಡೆಯ ಸಭೆಯೊಂದರಲ್ಲಿ ನಿರೂಪಕರು "ಈತ ದಿನಕ್ಕೆ 18 ಗಂಟೆ ಮನೆಯಲ್ಲಿ ಓದುತ್ತಿದ್ದ" ಎಂದಾಗ, ಹಿಂದಿನ ಸಾಲಿನಲ್ಲಿದ್ದ ಮಾಸ್ಟ್ರು ಡೈರಿ ತೆರೆದು ಕಳೆಯುವ ಲೆಕ್ಕ ಮಾಡಿದರು: ಉಳಿದುದು ಆರು ಗಂಟೆ, ಅದನ್ನು ಶಾಲೆಯೊಂದೇ ನುಂಗುವುದರಿಂದ ಈ ಬಾಲಕ ವರ್ಷವಿಡೀ ಊಟ, ಸ್ನಾನ, ನಿದ್ರೆಗಳನ್ನು ತ್ಯಜಿಸಿ ಆಕಾಶಮಾರ್ಗವಾಗಿ ಶಾಲೆಗೆ ಹೋಗಿಬಂದಿರಬೇಕು. ಬಾಲಕನ ಪಕ್ಕದಲ್ಲಿದ್ದ ಸ್ನೇಹಿತರು ಮುಸಿಮುಸಿ ನಗುತ್ತಿದ್ದುದೇ ಪರಿಚಯ ಕೆಟ್ಟಿತೆಂಬುದರ ಲಕ್ಷಣವೆಂದು ಅವರ ಮತ. ಸಹಪಾಠಿಗಳು ನಕ್ಕರೆ ಸುಳ್ಳು, ತಲೆದೂಗಿದರೆ ನಿಜ.

"ಬುದ್ಧಿವಂತೆ" ಎಂಬ ವಿಶೇಷಣವನ್ನೂ ಅವರು ವರ್ಜಿಸುವರು. ಅದಕ್ಕೆ ಅವರಿಗೊಂದು ವಿದೇಶೀ ಪ್ರಮಾಣವೂ ದೊರೆತಿದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಇಬ್ಬರು ಅಮೆರಿಕದಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಒಗಟುಗಳನ್ನಿತ್ತು, ಕೆಲವರನ್ನು ಬುದ್ಧಿವಂತರೆಂದೂ ಕೆಲವರನ್ನು ಶ್ರಮಪಟ್ಟವರೆಂದೂ ಹೊಗಳಿ, ಬಳಿಕ ಕಠಿನವಾದ ಒಗಟುಗಳನ್ನು ಕೊಟ್ಟು ನೋಡಿ, 1998ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದರು. ಬುದ್ಧಿವಂತರೆನಿಸಿಕೊಂಡವರು ಸೋತೊಡನೆ ಉತ್ಸಾಹಗುಂದಿದರು. ತಮ್ಮ ಅಂಕವನ್ನು ಬೇರೊಬ್ಬ ಮಗುವಿಗೆ ಬರೆದು ತಿಳಿಸಬೇಕಾದಾಗ ಅವರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಹೆಚ್ಚಿಸಿ ಬರೆದರು. ಮಾಸ್ಟ್ರು ಇದನ್ನು "ಬುದ್ಧಿವಂತ ಅಂದರೆ ಸುಳ್ಳು ಹೇಳ್ತಾನೆ" ಎಂದು ಸಂಗ್ರಹಿಸುವುದು ಅತಿಯಾಯಿತು. ಕೋಣೆಯೊಳಗೆ ಮಗುವೊಂದಕ್ಕೆ ಹೇಳಿದ ಒಂದು ವಾಕ್ಯದ ಪರಿಣಾಮವೇ ಬೇರೆ, ಮೂಡುಬಿದಿರೆಯಲ್ಲಿ ಐನೂರು ಜನರೆದುರು ಮೈಕಿನಲ್ಲಿ ಮಾಡಿದ ಭಾಷಣದ ಪರಿಣಾಮವೇ ಬೇರೆ.

ಆ ಭಾಷಣವಾದರೂ ಹೇಗೆ ಆರಂಭವಾಯಿತು! "ಸಭಾಸದರೇ, ಈ ಹುಡುಗಿಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 80ರಲ್ಲಿ 51." ಅಧ್ಯಕ್ಷರು ಬೆಚ್ಚಿ ಆಮಂತ್ರಣ ಪತ್ರಿಕೆಯನ್ನು ತಿರುವಿ ನೋಡಿದರು. ಆದರೆ ಹಿಂದಿನ ಸಾಲುಗಳಲ್ಲಿ, ಅಷ್ಟು ಹೊತ್ತು ಮೊಬೈಲಿನಲ್ಲಿ ಮಗ್ನರಾಗಿದ್ದ ಮಕ್ಕಳು ತಲೆಯೆತ್ತಿದರು. 51 ಅವರಿಗೆ ಪರಿಚಿತವಾದ ಸಂಖ್ಯೆ. ಮಸೂರ, ಬಾಣ, ಹಳೆಯ ಪ್ರಶ್ನೆಪತ್ರಿಕೆ, ಶನಿವಾರದ ಸೀರಿಯಲ್ ಎಲ್ಲವೂ ಕ್ರಮವಾಗಿ ಬಂದವು. ಸೀರಿಯಲ್ಲಿಗೆ ಬಾಲಕಿಯ ಗೆಳತಿಯರು ಜೋರಾಗಿ ತಲೆದೂಗಿದರು. ಮೂರು ನಿಮಿಷ ಹನ್ನೊಂದಾಯಿತು. ಸಭೆಯ ಬಳಿಕ ಯಕ್ಷಗಾನವಿದ್ದುದರಿಂದ ಚೌಕಿಯ ಕಡೆಯಿಂದ ಚೆಂಡೆಯ ಪೆಟ್ಟೊಂದು ಕೇಳಿಸಿತು; ಕಾರ್ಯದರ್ಶಿಗಳು ಚೀಟಿ ಕಳುಹಿಸಿದರು; ಮಾಸ್ಟ್ರು ಅದನ್ನು ಓದದೆ ಕಿಸೆಗೆ ಹಾಕಿಕೊಂಡು ಟೀಚರ ಔದಾರ್ಯವನ್ನು ವರ್ಣಿಸತೊಡಗಿದರು. ಕೊನೆಗೆ ವಂದಿಸಿ ಕುಳಿತ ಮೇಲೆ ಸಭೆಯ ಮಧ್ಯದಿಂದ ಒಬ್ಬರು "ಒಟ್ಟು ಮಾರ್ಕ್ಸ್ ಎಷ್ಟು ಮಾಸ್ಟ್ರೇ?" ಎಂದು ಕೂಗಬೇಕಾಯಿತು. ಮುಖ್ಯ ಅತಿಥಿಗಳು ಎದ್ದು, ಇದೆಲ್ಲ ದೈವದತ್ತವಾದ ಬುದ್ಧಿಶಕ್ತಿಯ ಫಲವೆಂದು ಎರಡೇ ನಿಮಿಷಗಳಲ್ಲಿ ಆಶೀರ್ವದಿಸಿದರು.

ಅಂಕಪೂಜೆಯನ್ನು ಖಂಡಿಸುವವರಿಂದಲೇ ಅಭ್ಯಾಸಪೂಜೆಯೆಂಬ ನೂತನ ಮತವೊಂದು ಹುಟ್ಟಿತೆಂಬುದು ಮುಂದಿನ ಕಥೆ. ಮರುವರ್ಷ ಆ ಸುತ್ತಿನ ತಾಯಂದಿರೆಲ್ಲ ಮೂರು ಕಂಬಸಾಲುಗಳ ಪುಸ್ತಕ ಮಾಡಿಸಿದರು. ಟ್ಯೂಷನಿನವರೊಬ್ಬರು ಅದನ್ನು ಅಚ್ಚು ಹಾಕಿಸಿ ಹಂಚಿದರು. ತಪ್ಪು ಮಾಡದ ಬಾಲಕರು ಖಾಲಿ ಪುಟಕ್ಕೆ ಹೆದರಿ ಪಕ್ಕದವರ ತಪ್ಪುಗಳನ್ನು ನಕಲು ಮಾಡಿದರಂತೆ. ತನ್ನ ಉತ್ತರಪತ್ರಿಕೆಯೆದುರು ಕುಳಿತು ಆ ಹುಡುಗಿ ಕಂಡುಕೊಂಡ ಉಪಾಯ ಬೇರೆಯವರ ಕೈಯಲ್ಲಿ ಮತ್ತೊಂದು ಹೋಂವರ್ಕಾಯಿತು.

ಇತ್ತೀಚೆಗೆ ಬಿ.ಸಿ. ರೋಡಿನ ಸಭೆಯೊಂದರ ನಿಮಿತ್ತ ಮಾಸ್ಟ್ರು ಬಂಟ್ವಾಳದ ಕಡೆಯ ಒಂದು ಮನೆಗೆ ಹೋದಾಗ, ಆ ಅಚ್ಚಾದ ಪುಸ್ತಕ ಮೇಜಿನ ಮೇಲೆ ಕಾಣುವಂತೆಯೇ ಇಟ್ಟಿತ್ತು. ಅವರು ಕೃತಾರ್ಥಭಾವದಿಂದ ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಹುಡುಗನ ಅಜ್ಜಿ, "ಅದನ್ನು ನೋಡಬೇಡಿ ಮಾಸ್ಟ್ರೇ, ಅದು ನೀವು ಬರುತ್ತೀರಿ ಅಂತ ನಿನ್ನೆ ಬರೆದದ್ದು. ಇವನು ಓದಿದ್ದು ನಾನು ಅಡಿಕೆ ಸುಲಿಯುವಾಗ, ನನಗೆ ಪಾಠ ಹೇಳಿಕೊಡುತ್ತಾ. ನನಗೆ ಅರ್ಥ ಆಗುವವರೆಗೆ ಬಿಡುವುದೇ ಇಲ್ಲ, ಪ್ರಾಣ ತಿಂದಿದ್ದಾನೆ" ಎಂದರು. ಮಾಸ್ಟ್ರು ಪುಸ್ತಕವನ್ನು ಮುಚ್ಚಿಟ್ಟು, ಅಂಗಳದ ಅಡಿಕೆ ರಾಶಿಯ ಪಕ್ಕಕ್ಕೆ ಮಣೆ ಎಳೆದುಕೊಂಡು, ಡೈರಿಯ ಹೊಸ ಪುಟ ತೆರೆದು, "ಹೌದಾ ಅಜ್ಜಿ? ಹಾಗಾದರೆ ನಿಮಗೆ ಯಾವ ಪಾಠ ಕಷ್ಟ ಆಯ್ತು?" ಎಂದು ವಿಚಾರಣೆಗೆ ಕುಳಿತರು.